ಮೂರು ಕಡೆಯೂ Yes, ಹಣ ಮಾತ್ರ ಇಲ್ಲ: ಪಿಎಂ-ಕಿಸಾನ್ ಕಂತು ಎಲ್ಲಿ ನಿಂತಿದೆ ಎಂದು ಪತ್ತೆ ಮಾಡುವ ಬಗೆ

ಪ್ರಶ್ನೆ: ನಮ್ಮ ತಾಯಿಯ ಹೆಸರಿನಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನಿದೆ, ಹಾವೇರಿ ಜಿಲ್ಲೆ. ಪಿಎಂ-ಕಿಸಾನ್ ಹಣ 18ನೇ ಕಂತಿನವರೆಗೆ ಸರಿಯಾಗಿ ಬಂತು. 19, 20, 21 ಮೂರೂ ಬಂದಿಲ್ಲ. ಗ್ರಾಮ ಒನ್‌ನಲ್ಲಿ ಎರಡು ಸಲ ಕೆವೈಸಿ ಮಾಡಿಸಿದ್ದೇವೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ, ನಮ್ಮ ಕಡೆ ತೊಂದರೆ ಇಲ್ಲ’ ಅಂತಾರೆ. ಪೋರ್ಟಲ್‌ನಲ್ಲಿ ನೋಡಿದರೆ ಕೆವೈಸಿ, ಆಧಾರ್ ಬ್ಯಾಂಕ್ ಸೀಡಿಂಗ್, ಲ್ಯಾಂಡ್ ಸೀಡಿಂಗ್ ಮೂರು ಕಡೆಯೂ Yes. ನಡುವೆ ಬೇರೇನೂ ಬದಲಾಗಿಲ್ಲ. 2024ರ ದೀಪಾವಳಿ ಹೊತ್ತಿಗೆ ತಾಯಿಗೊಂದು ಹೊಸ ಸಿಮ್ ತಗೊಂಡಿದ್ದೆವು, ಅಷ್ಟೇ. ಊರಲ್ಲಿ ಒಬ್ಬರು ಐನೂರು ರೂಪಾಯಿ ಕೊಟ್ಟರೆ ಬಾಕಿ ಸಮೇತ ಹಾಕಿಸಿಕೊಡ್ತೀನಿ ಅಂತಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ದುಡ್ಡು ಕೊಟ್ಟು ಮಾಡಿಸುವಂಥ ಕೆಲಸ ಇದರಲ್ಲಿ ಯಾವುದೂ ಇಲ್ಲ. ಇನ್ನೊಮ್ಮೆ ಕೆವೈಸಿ ಮಾಡಿಸುವ ಗೋಜಿಗೂ ಹೋಗಬೇಡಿ. ಆ ಸಾಲಿನಲ್ಲಿ ಈಗಾಗಲೇ Yes ಇದ್ದ ಮೇಲೆ ಮೂರನೇ ಸಲ ಬೆರಳೊತ್ತಿದರೂ ಅದು Yes ಆಗಿಯೇ ಇರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಗಮನ ಸೆಳೆಯುವುದು ‘ಅಷ್ಟೇ’ ಎಂದು ಬಿಟ್ಟುಬಿಟ್ಟ ಆ ಹೊಸ ಸಿಮ್. ಸಿಮ್ ಕೊಡುವಾಗ ಅಂಗಡಿಯಲ್ಲಿ ತಾಯಿಯವರ ಬೆರಳಚ್ಚನ್ನು ಎಷ್ಟು ಸಲ ತಗೊಂಡರು, ನೆನಪಿದೆಯೇ? ಕೆಲವು ಕಡೆ ಸಿಮ್ ಜೊತೆಗೇ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೂ ತೆರೆದು, ಸರ್ಕಾರಿ ಸಹಾಯಧನ ಆ ಖಾತೆಗೇ ಬರಲಿ ಎಂಬ ಒಪ್ಪಿಗೆಯನ್ನೂ ಅದೇ ಬೆರಳಚ್ಚಿನಲ್ಲಿ ಪಡೆದುಬಿಡುತ್ತಾರೆ. ಹಾಗೆ ಆಗಿದ್ದರೆ ನಿಮ್ಮ ಹಣ ನಿಂತಿಲ್ಲ, ಬೇರೆ ಖಾತೆಗೆ ಹೋಗಿ ಕೂತಿದೆ. ಇದು ಸದ್ಯಕ್ಕೆ ಅನುಮಾನ ಮಾತ್ರ. ಹೌದೋ ಅಲ್ಲವೋ ಎಂದು ಮನೆಯಲ್ಲೇ ಹತ್ತು ನಿಮಿಷದಲ್ಲಿ ತಿಳಿಯಬಹುದು.

‘ಲಿಂಕ್ ಆಗಿದೆ’ ಎಂಬ ಮಾತಿಗೆ ಎರಡು ಅರ್ಥ

ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದ. ಬ್ಯಾಂಕ್ ಶಾಖೆಯಲ್ಲಿ ಆಧಾರ್ ಜೆರಾಕ್ಸ್ ಕೊಟ್ಟಾಗ ಅವರು ನಿಮ್ಮ ಖಾತೆಯ ದಾಖಲೆಗೆ ಆಧಾರ್ ಸಂಖ್ಯೆ ಸೇರಿಸಿಕೊಳ್ಳುತ್ತಾರೆ. ಅದು ಒಂದು ಲಿಂಕ್. ಒಬ್ಬರಿಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೆ ನಾಲ್ಕಕ್ಕೂ ಹೀಗೆ ಆಧಾರ್ ಲಿಂಕ್ ಇರಬಹುದು, ತಪ್ಪೇನಿಲ್ಲ.

ಸರ್ಕಾರ ಆಧಾರ್ ಮೂಲಕ ಹಣ ಹಾಕುವಾಗ ನೋಡುವುದು ಈ ದಾಖಲೆಯನ್ನಲ್ಲ. ಬ್ಯಾಂಕುಗಳ ನಡುವೆ ಹಣ ದಾಟಿಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಒಂದು ಪಟ್ಟಿ ಇದೆ, ಅದಕ್ಕೆ ಮ್ಯಾಪರ್ ಎನ್ನುತ್ತಾರೆ. ಅದರಲ್ಲಿ ಒಂದು ಆಧಾರ್ ಸಂಖ್ಯೆಯ ಎದುರಿಗೆ ಒಂದೇ ಬ್ಯಾಂಕಿನ ಹೆಸರು ಇರುತ್ತದೆ. ಕೊನೆಯದಾಗಿ ಯಾವ ಬ್ಯಾಂಕು ನಿಮ್ಮ ಒಪ್ಪಿಗೆ ಪಡೆದು ತನ್ನ ಹೆಸರು ಸೇರಿಸಿತೋ ಆ ಬ್ಯಾಂಕು. ಹೊಸದು ಸೇರಿದ ಕೂಡಲೇ ಹಳೆಯದು ಹೋಗುತ್ತದೆ. ಇದಕ್ಕೆ ಸೀಡಿಂಗ್ ಎಂದು ಹೆಸರು.

ಹಾಗಾಗಿ ನಿಮ್ಮ ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ. ಅವರ ಕಂಪ್ಯೂಟರಿನಲ್ಲಿ ಆಧಾರ್ ಇದೆ. ಆದರೆ ಎನ್‌ಪಿಸಿಐ ಪಟ್ಟಿಯಲ್ಲಿ ಅವರ ಹೆಸರು ಇದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ನೀವು ಕೇಳಿರಲಿಕ್ಕಿಲ್ಲ. ಪಿಎಂ-ಕಿಸಾನ್ ಪೋರ್ಟಲ್ ತೋರಿಸುವ Yes ಕೂಡ ಅಷ್ಟೇ. ತಾಯಿಯವರ ಆಧಾರ್ ಯಾವುದೋ ಒಂದು ಬ್ಯಾಂಕಿಗೆ ಸೀಡ್ ಆಗಿದೆ ಎಂದು ಅದು ಹೇಳುತ್ತದೆ. ನೀವು ಪಾಸ್‌ಬುಕ್ ಹಿಡಿದು ಹೋಗುವ ಬ್ಯಾಂಕಿಗೇ ಎಂದು ಹೇಳುವುದಿಲ್ಲ.

ಪತ್ತೆ ಮಾಡುವುದು

ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಹೊಸ ನಂಬರಿನ ಸಿಮ್ ಬಂದ ಮೇಲೆ ಬ್ಯಾಂಕಿನ ಎಸ್ಸೆಮ್ಮೆಸ್ ಹಳೇ ನಂಬರಿಗೇ ಹೋಗುತ್ತಿರುತ್ತದೆ, ಹಣ ಬಂದಿದ್ದರೂ ಮನೆಯವರಿಗೆ ಗೊತ್ತಾಗಿರುವುದಿಲ್ಲ. 19ನೇ ಕಂತು 2025ರ ಫೆಬ್ರುವರಿ 24ರಂದು, 20ನೇ ಕಂತು ಆಗಸ್ಟ್ 2ರಂದು, 21ನೇ ಕಂತು ನವೆಂಬರ್ 19ರಂದು ಬಿಡುಗಡೆಯಾಗಿವೆ. ಈ ಮೂರು ದಿನಾಂಕಗಳ ಆಸುಪಾಸಿನಲ್ಲಿ 2,000 ರೂಪಾಯಿ ಜಮೆ ಇದೆಯೇ ನೋಡಿ. ತಾಯಿಗೆ ಅದೇ ಶಾಖೆಯಲ್ಲಿ ಹಳೇ ಜನ್ ಧನ್ ಖಾತೆಯೂ ಇದ್ದರೆ ಅದರದ್ದೂ ನೋಡಿಸಿ. ಎನ್‌ಪಿಸಿಐ ಪಟ್ಟಿಯಲ್ಲಿ ಇರುವುದು ಬ್ಯಾಂಕಿನ ಹೆಸರು ಮಾತ್ರ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಯಾವುದಕ್ಕೆ ಹಾಕಬೇಕು ಎಂದು ತೀರ್ಮಾನವಾಗುವುದು ಆ ಬ್ಯಾಂಕಿನ ಒಳಗೇ.

ಅಲ್ಲಿ ಸಿಗಲಿಲ್ಲ ಅಂದರೆ `myaadhaar.uidai.gov.in` ತೆರೆಯಿರಿ. ತಾಯಿಯವರ ಆಧಾರ್ ಸಂಖ್ಯೆ, ಅದಕ್ಕೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಗೆ ಹೋದರೆ `Bank Seeding Status` ಎಂಬ ಆಯ್ಕೆ ಇದೆ. ಅದರಲ್ಲಿ ಮೂರು ವಿಷಯ ಓದಿಕೊಳ್ಳಬೇಕು: ಬ್ಯಾಂಕಿನ ಹೆಸರು, ಅದು Active ಇದೆಯೋ Inactive ಇದೆಯೋ, ಮತ್ತು ಕೊನೆಯ ಸಲ ಬದಲಾದ ದಿನಾಂಕ. ಹೆಚ್ಚಿನವರು ಮೊದಲ ಎರಡನ್ನು ನೋಡಿ ಮುಚ್ಚಿಬಿಡುತ್ತಾರೆ. ರೋಗ ಪತ್ತೆಯಾಗುವುದು ಮೂರನೆಯದರಲ್ಲಿ.

18ನೇ ಕಂತು ಬಿಡುಗಡೆಯಾದದ್ದು 2024ರ ಅಕ್ಟೋಬರ್ 5ರಂದು, ಅದು ನಿಮಗೆ ಬಂದಿದೆ. ಆ ವರ್ಷದ ದೀಪಾವಳಿ ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ಬಿದ್ದಿತ್ತು. ಪರದೆಯ ಮೇಲೆ ನಿಮಗೆ ಪರಿಚಯವಿಲ್ಲದ ಬ್ಯಾಂಕಿನ ಹೆಸರು ಇದ್ದು, ದಿನಾಂಕ 2024ರ ನವೆಂಬರ್ ಸುಮಾರಿನದ್ದಾಗಿದ್ದರೆ ಲೆಕ್ಕ ಕೂಡಿತು. ಅಕ್ಟೋಬರ್ ಕಂತು ಹಳೇ ಬ್ಯಾಂಕಿಗೆ ಬಂತು, ಆಮೇಲೆ ದಾರಿ ತಿರುಗಿತು, ಫೆಬ್ರುವರಿಯಿಂದ ಮುಂದಿನ ಮೂರು ಕಂತು, ಅಂದರೆ 6,000 ರೂಪಾಯಿ, ಆ ಹೊಸ ಖಾತೆಗೆ ಹೋಗಿರಬೇಕು. ದಿನಾಂಕ 2022ರದ್ದೋ 2023ರದ್ದೋ ಆಗಿದ್ದು ಬ್ಯಾಂಕು ನಿಮ್ಮದೇ ಆಗಿದ್ದರೆ ಸಿಮ್ ಮೇಲಿನ ಅನುಮಾನ ಬಿಟ್ಟುಬಿಡಿ, ಕಾರಣ ಬೇರೆ ಇದೆ.

ಒಂದು ಎಚ್ಚರ. ನಿಮ್ಮ ಭಾಗದವರಿಗೆ ಪರದೆಯಲ್ಲಿ ‘ಕರ್ನಾಟಕ ಗ್ರಾಮೀಣ ಬ್ಯಾಂಕ್’ ಎಂದು ಕಂಡರೆ ಗಾಬರಿ ಬೇಡ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಅದರೊಳಗೆ ವಿಲೀನವಾಗಿದೆ. ವಿಕಾಸ ಬ್ಯಾಂಕಿನ ಪಾಸ್‌ಬುಕ್ ಇಟ್ಟುಕೊಂಡವರಿಗೆ ಅದು ಅಪರಿಚಿತ ಬ್ಯಾಂಕೇನಲ್ಲ.

ಆಧಾರ್‌ಗೆ ಮೊಬೈಲ್ ಜೋಡಣೆಯೇ ಇಲ್ಲವೆಂದರೆ ಒಟಿಪಿ ಬರುವುದಿಲ್ಲ. ಆಗ ಬ್ಯಾಂಕಿನಲ್ಲೇ ಕೇಳಬೇಕು. ಕೇಳುವ ಮಾತು ಮುಖ್ಯ. ‘ಆಧಾರ್ ಲಿಂಕ್ ಆಗಿದೆಯಾ’ ಎಂದರೆ ಮತ್ತೆ ಹಳೇ ಉತ್ತರವೇ ಸಿಗುತ್ತದೆ. ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಇದೆ, ಆಕ್ಟಿವ್ ಇದೆಯಾ ನೋಡಿ’ ಎಂದು ಕೇಳಿ.

ಮನೆಯಲ್ಲೇ ಸಿಗುವ ಇನ್ನೊಂದು ಸುಳಿವು ಗೃಹಲಕ್ಷ್ಮಿ. ತಾಯಿಯವರೇ ಮನೆಯ ಯಜಮಾನಿಯಾಗಿ ಆ 2,000 ರೂಪಾಯಿ ಪಡೆಯುತ್ತಿದ್ದರೆ, ಅದೂ ಸಾಮಾನ್ಯವಾಗಿ ಆಧಾರ್ ಹಿಡಿದೇ ಬರುವ ಹಣ. 2024ರ ನವೆಂಬರ್ ನಂತರವೂ ಅದು ಹಳೇ ಪಾಸ್‌ಬುಕ್ಕಿಗೇ ಬಂದಿದ್ದರೆ ಸೀಡಿಂಗ್ ತಿರುಗಿಲ್ಲ ಎಂದು ಊಹಿಸಬಹುದು. ಬಂದಿಲ್ಲ ಎಂಬುದರಿಂದ ಮಾತ್ರ ಏನನ್ನೂ ತೀರ್ಮಾನಿಸಬೇಡಿ, ಅದು ತಡವಾಗಲು ಅದರದ್ದೇ ಬೇರೆ ಕಾರಣಗಳಿವೆ.

ಸರಿಪಡಿಸುವುದು, ಈ ಕ್ರಮದಲ್ಲೇ

ಗೊತ್ತಿಲ್ಲದೆ ತೆರೆದ ಖಾತೆ ಕಂಡಾಗ ಸಿಟ್ಟಿನಲ್ಲಿ ಮೊದಲು ಅದನ್ನು ಮುಚ್ಚಿಸಲು ಓಡುತ್ತಾರೆ. ಹಾಗೆ ಮಾಡಬೇಡಿ. ಸೀಡಿಂಗ್ ಆ ಬ್ಯಾಂಕಿನ ಮೇಲೆಯೇ ಇರುವಾಗ ಖಾತೆ ಮುಚ್ಚಿದರೆ ಮುಂದಿನ ಕಂತು ಬಂದಾಗ ಜಮೆ ಮಾಡಲು ಜಾಗವಿಲ್ಲದೆ ಹಣ ವಾಪಸ್ ಹೋಗುತ್ತದೆ.

ಮೊದಲು ಅಲ್ಲಿರುವ ಹಣ ತೆಗೆಯಿರಿ. ತಾಯಿಯವರನ್ನು ಕರೆದುಕೊಂಡು ಆ ಬ್ಯಾಂಕಿನ ಪ್ರತಿನಿಧಿ ಅಂಗಡಿಗೋ, ಆಧಾರ್ ಮೂಲಕ ಹಣ ಕೊಡುವ ಯಾವುದಾದರೂ ಬ್ಯಾಂಕ್ ಮಿತ್ರರ ಬಳಿಗೋ ಹೋಗಿ. ಯಂತ್ರದಲ್ಲಿ ಪರದೆಯಲ್ಲಿ ಕಂಡ ಆ ಬ್ಯಾಂಕಿನ ಹೆಸರನ್ನೇ ಆರಿಸಿ, ಮೊದಲು ಬ್ಯಾಲೆನ್ಸ್ ಮಾತ್ರ ಕೇಳಿ, ಚೀಟಿ ಪಡೆಯಿರಿ. ಚೀಟಿಯಲ್ಲಿ ಎಷ್ಟಿದೆ ಎಂದು ನೀವೇ ಓದಿಕೊಂಡ ಮೇಲೆ ತೆಗೆಯುವ ಮಾತು. ಒಂದೇ ಬೆರಳಚ್ಚಿನಲ್ಲಿ ಎರಡೂ ಮುಗಿಸೋಣ ಎಂದರೆ ಒಪ್ಪಬೇಡಿ.

ಆಮೇಲೆ ಹಣ ಎಲ್ಲಿಗೆ ಬರಬೇಕೋ ಆ ಬ್ಯಾಂಕಿನ ಶಾಖೆಗೆ ಹೋಗಿ, ಡಿಬಿಟಿಗಾಗಿ, ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕಾಗಿ, ಆಧಾರ್ ಸೀಡಿಂಗ್ ಮಾಡುವ ಒಪ್ಪಿಗೆ ಫಾರಂ ಕೇಳಿ. ಬರೀ ಕೆವೈಸಿ ಫಾರಂ ಕೊಟ್ಟರೆ ಅದು ಬೇರೆ ಎಂದು ಹೇಳಿ. ಸೀಡಿಂಗ್ ಫಾರಂನಲ್ಲಿ ಒಂದು ಕಡೆ, ಈಗಾಗಲೇ ಬೇರೆ ಬ್ಯಾಂಕಿಗೆ ಸೀಡ್ ಆಗಿದ್ದರೆ ಆ ಬ್ಯಾಂಕಿನ ಹೆಸರು ಬರೆಯಲು ಜಾಗ ಇರುತ್ತದೆ. ಜನ ಖಾಲಿ ಬಿಡುವುದು ಅದನ್ನೇ. ಅದನ್ನು ಖಾಲಿ ಬಿಟ್ಟರೆ ಅಥವಾ ತಪ್ಪು ಬರೆದರೆ ನಿಮ್ಮ ಕೋರಿಕೆ ಎನ್‌ಪಿಸಿಐ ಮಟ್ಟದಲ್ಲಿ ತಿರಸ್ಕಾರವಾಗಬಹುದು, ಶಾಖೆಯವರು ‘ಕಳಿಸಿದ್ದೇವೆ’ ಎನ್ನುತ್ತಲೇ ಇರುತ್ತಾರೆ. ನೀವು ಪರದೆಯಲ್ಲಿ ಓದಿದ ಹೆಸರನ್ನು ಅಕ್ಷರ ತಪ್ಪದಂತೆ ಅಲ್ಲಿ ಬರೆಯಿರಿ.

ಫಾರಂ ಸಿಗದಿದ್ದರೆ ಬಿಳಿ ಹಾಳೆಯಲ್ಲಿ ಇಷ್ಟು ಬರೆದು ಕೊಡಿ:

“ನನ್ನ ಆಧಾರ್ ಸದ್ಯ ________ ಬ್ಯಾಂಕಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆ. ಅದನ್ನು ನಿಮ್ಮ ಶಾಖೆಯ ನನ್ನ ಉಳಿತಾಯ ಖಾತೆ ಸಂಖ್ಯೆ ________ ಕ್ಕೆ ಬದಲಾಯಿಸಿ, ಸರ್ಕಾರದ ನೇರ ನಗದು ಹಣವನ್ನು ಇದೇ ಖಾತೆಗೆ ಜಮೆ ಮಾಡಲು ಒಪ್ಪಿಗೆ ಇದೆ.”

ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ದಿನಾಂಕ. ಜೆರಾಕ್ಸ್ ಪ್ರತಿಯ ಮೇಲೆ ಶಾಖೆಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಕೈಯಲ್ಲಿ ಇರುವ ಪುರಾವೆ ಅದೊಂದೇ.

ಒಂದು ವಾರ ಬಿಟ್ಟು ಮತ್ತೆ `Bank Seeding Status` ನೋಡಿ. ಬ್ಯಾಂಕಿನ ಹೆಸರು, ದಿನಾಂಕ ಎರಡೂ ಬದಲಾಗಿರಬೇಕು. ಬದಲಾಗಿಲ್ಲವೆಂದರೆ ಸೀಲು ಹಾಕಿದ ಪ್ರತಿ ಹಿಡಿದು ಮ್ಯಾನೇಜರ್ ಹತ್ತಿರ ಹೋಗಿ, ತಿರಸ್ಕಾರವಾಗಿದ್ದರೆ ಕಾರಣ ಏನೆಂದು ಕೇಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ನಲ್ಲಿ ದೂರು ಹಾಕಬಹುದು, ಅದಕ್ಕೂ ಶುಲ್ಕವಿಲ್ಲ. ಹೆಸರು ಬದಲಾದದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಆ ಬೇಡದ ಖಾತೆ ಮುಚ್ಚಿಸಿ. ನೆನಪಿರಲಿ, ಈ ಬದಲಾವಣೆಯಿಂದ ಕಿಸಾನ್ ಹಣದ ಜೊತೆಗೆ ಆಧಾರ್ ಮೂಲಕ ಬರುವ ಎಲ್ಲ ಹಣವೂ, ಗ್ಯಾಸ್ ಸಬ್ಸಿಡಿಯೂ ಸೇರಿ, ಹೊಸ ದಾರಿಗೆ ತಿರುಗುತ್ತದೆ.

ಸೀಡಿಂಗ್ ಸರಿಯಾಗಿಯೇ ಇದ್ದರೆ

ಆಗ `pmkisan.gov.in` ಗೆ ವಾಪಸ್ ಬನ್ನಿ. `Know Your Status` ನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. ಸಂಖ್ಯೆ ಮರೆತಿದ್ದರೆ ಅದೇ ಪುಟದಲ್ಲಿ ಆಧಾರ್ ಅಥವಾ ಮೊಬೈಲ್ ಸಂಖ್ಯೆ ಕೊಟ್ಟು ಹುಡುಕಬಹುದು. ಈ ಸಲ ಆ ಮೂರು Yes ಬಿಟ್ಟು ಕಂತಿನ ವಿವರ ಓದಿ. `FTO is Generated and Payment confirmation is pending` ಎಂದಿದ್ದರೆ ಹಣ ಹಾಕುವ ಆದೇಶ ಹೊರಟಿದೆ, ಜಮೆಯಾದ ಖಾತ್ರಿ ಇನ್ನೂ ಬಂದಿಲ್ಲ ಎಂದರ್ಥ. ಕಂತು ಬಿಡುಗಡೆಯಾದ ಹತ್ತು ಹದಿನೈದು ದಿನದಲ್ಲಿ ಹೀಗೆ ಕಂಡರೆ ಸುಮ್ಮನೆ ಕಾಯುವುದೇ ಸರಿ. ತಿಂಗಳುಗಟ್ಟಲೆ ಹಾಗೇ ಇದ್ದರೆ ವಿಚಾರಿಸಬೇಕು.

ಅರ್ಹತೆಯ ಬಗ್ಗೆ ಪರಿಶೀಲನೆ ಬಾಕಿ ಎಂದು ಕಂಡರೆ ಅದು ಬ್ಯಾಂಕಿನಲ್ಲಿ ಬಗೆಹರಿಯುವ ವಿಷಯವಲ್ಲ. 2019ರ ಫೆಬ್ರುವರಿ 1ರ ನಂತರ ಜಮೀನು ಪಡೆದವರು, ಒಂದೇ ಕುಟುಂಬದಲ್ಲಿ ಗಂಡ ಹೆಂಡತಿ ಇಬ್ಬರೂ ಹಣ ಪಡೆಯುತ್ತಿದ್ದಾರೆ ಎಂಬ ಅನುಮಾನ ಇರುವವರು, ಇಂಥವರ ಕಂತನ್ನು ಸ್ಥಳ ಪರಿಶೀಲನೆ ಆಗುವವರೆಗೆ ತಡೆಹಿಡಿದಿದ್ದಾರೆ. ಈ ಯೋಜನೆಗೆ ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಪಹಣಿ ಇದ್ದರೂ ಹಣ ಒಬ್ಬರಿಗೇ. ನಿಮ್ಮ ತಂದೆಯವರೂ ಪಡೆಯುತ್ತಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು `Land Seeding` ಎದುರಿಗೆ No ಇರುವವರ ಕಥೆ. ನಿಮ್ಮದು ಅದಲ್ಲ, ಆದರೂ ನಮ್ಮ ರಾಜ್ಯದಲ್ಲಿ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ ಆದ್ದರಿಂದ ಹೇಳಬೇಕು. ಪಹಣಿ ತೆಗೆದು 9ನೇ ಕಾಲಂ ನೋಡಿ, ಮಾಲೀಕರ ಹೆಸರು ಇರುವುದು ಅಲ್ಲಿ. ಆ ಹೆಸರು ಅರ್ಜಿದಾರರದೇ ಆಗಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ರೈತರ ವಿವರ ಇರುವ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿಗೆ, ಅಂದರೆ ರೈತರ ಗುರುತಿನ ಸಂಖ್ಯೆಗೆ, ಆ ಸರ್ವೆ ನಂಬರ್ ಸೇರಿದೆಯೇ ಎಂದು ನೋಡಿಸಿ. ಹಿಸ್ಸಾ ಆಗಿ ನಂಬರ್ ಬದಲಾದ ಮೇಲೆ ಎಫ್‌ಐಡಿಯಲ್ಲಿ ಹಳೇ ನಂಬರೇ ಉಳಿದಿದ್ದರೆ ಹೊಸದನ್ನು ಸೇರಿಸಿಸಬೇಕು. ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ಜೊತೆಗಿರಲಿ.

9ನೇ ಕಾಲಂನಲ್ಲಿ ತೀರಿಹೋದ ಅಜ್ಜನದೋ ಅಪ್ಪನದೋ ಹೆಸರು ಇದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಏನೂ ಮಾಡಲಾಗದು. ನಾಡಕಚೇರಿಯಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿಕೊಂಡು, ಪಹಣಿಯಲ್ಲಿ ಹೆಸರು ಬಂದ ಮೇಲೆ ಹೊಸದಾಗಿ ನೋಂದಣಿ ಮಾಡಿಸಬೇಕು. ಮಾಲೀಕರು ತೀರಿಕೊಂಡು ವಾರಸುದಾರಿಕೆಯಿಂದ ಬಂದ ಜಮೀನಿಗೆ 2019ರ ಗಡುವು ಅಡ್ಡ ಬರುವುದಿಲ್ಲ. ಆದರೆ ಬದುಕಿರುವ ತಂದೆ ಆ ದಿನಾಂಕದ ನಂತರ ದಾನಪತ್ರ ಅಥವಾ ವಿಭಾಗಪತ್ರ ಮಾಡಿ ಮಕ್ಕಳ ಹೆಸರಿಗೆ ಹಾಕಿದ ಜಮೀನು ಈ ವಿನಾಯಿತಿಯಲ್ಲಿ ಬರುವುದಿಲ್ಲ. ಈ 6,000ಕ್ಕಾಗಿ ಜಮೀನು ಭಾಗ ಮಾಡಿಸಿ ಎಂದು ಸಲಹೆ ಕೊಡುವವರು ನಿಮ್ಮಿಂದ ಖರ್ಚು ಮಾಡಿಸುತ್ತಿದ್ದಾರೆ, ಅಷ್ಟೇ. ತೀರಿಹೋದವರ ಖಾತೆಗೆ ಆಮೇಲೂ ಕಂತು ಬಿದ್ದಿದ್ದರೆ ಅದನ್ನು ಮುಟ್ಟದಿರುವುದು ಒಳ್ಳೆಯದು, ವಾಪಸ್ ಕೇಳುತ್ತಾರೆ.

ಬಾಕಿ ಬರುತ್ತದೆಯೇ?

ನಿಮ್ಮ ಕೊನೆಯ ಪ್ರಶ್ನೆ ಇದೇ ಇರಬೇಕು. ಹಣ ಬೇರೆ ಖಾತೆಗೆ ಹೋಗಿದ್ದರೆ ಬಾಕಿ ಎಂಬುದೇ ಇಲ್ಲ, ಸರ್ಕಾರದ ಲೆಕ್ಕದಲ್ಲಿ ಅದು ಕೊಟ್ಟಾಗಿದೆ. ಆ ಖಾತೆಯಿಂದ ನೀವೇ ತೆಗೆದುಕೊಳ್ಳಬೇಕು. ಅಲ್ಲಿಂದ ಯಾರೋ ಬೆರಳಚ್ಚು ಪಡೆದು ಈಗಾಗಲೇ ತೆಗೆದಿದ್ದರೆ ಆ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ಪಡೆದು ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಡಬೇಕಾಗುತ್ತದೆ. ಕೃಷಿ ಇಲಾಖೆ ಮತ್ತೊಮ್ಮೆ ಹಾಕುವುದಿಲ್ಲ.

ಸೀಡಿಂಗ್ Inactive ಆಗಿಯೋ ದಾಖಲೆ ಹೊಂದದೆಯೋ ಕಂತು ನಿಂತಿದ್ದು, ಅರ್ಹತೆಯಲ್ಲಿ ದೋಷವಿಲ್ಲದಿದ್ದರೆ, ಸರಿಪಡಿಸಿದ ಮೇಲೆ ತಡೆದ ಕಂತುಗಳನ್ನು ಕೊಡಲು ನಿಯಮದಲ್ಲಿ ಅವಕಾಶವಿದೆ. ಆದರೆ ಯಾವ ತಿಂಗಳು, ಎಲ್ಲ ಒಟ್ಟಿಗೋ ಒಂದೊಂದಾಗಿಯೋ ಎಂದು ಯಾರೂ ಮುಂಚಿತವಾಗಿ ಹೇಳಲಾರರು, ಐನೂರು ಕೇಳುವವರಂತೂ ಅಲ್ಲವೇ ಅಲ್ಲ. ಆ ಹಣ ನಂಬಿ ಗೊಬ್ಬರದಂಗಡಿಯಲ್ಲಿ ಸಾಲ ಹೇಳಬೇಡಿ. ನೋಂದಣಿಗೂ ಮುಂಚಿನ ಕಂತುಗಳು ಬರುವುದಿಲ್ಲ. ಕಳೆದ ವರ್ಷ ಆದಾಯ ತೆರಿಗೆ ಕಟ್ಟಿದ್ದು, ತಿಂಗಳಿಗೆ 10,000 ಅಥವಾ ಹೆಚ್ಚಿನ ಪಿಂಚಣಿ ಇರುವುದು ಇಂಥ ಕಾರಣಕ್ಕೆ ನಿಂತಿದ್ದರೆ ಹಿಂದಿನದ್ದೂ ಬರುವುದಿಲ್ಲ, ಪಡೆದದ್ದನ್ನೂ ಮರಳಿಸಬೇಕಾಗಬಹುದು. ಹಿಂದೆ ರಾಜ್ಯ ಸರ್ಕಾರ ಇದರ ಜೊತೆಗೆ ಕೊಡುತ್ತಿದ್ದ ವರ್ಷದ 4,000 ನಿಂತುಹೋಗಿದೆ. ಅದನ್ನು ಬಾಕಿ ಎಂದು ಲೆಕ್ಕ ಹಾಕಬೇಡಿ.

ಪೋರ್ಟಲ್ ವಿಷಯಕ್ಕೆ ಸಹಾಯವಾಣಿ 155261. ಕರೆ ಮಾಡುವಾಗ ನೋಂದಣಿ ಸಂಖ್ಯೆ ಮುಂದಿಟ್ಟುಕೊಳ್ಳಿ. ಸ್ಥಳೀಯವಾಗಿ ರೈತ ಸಂಪರ್ಕ ಕೇಂದ್ರದ ಮೇಲೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿ ಇದೆ. ‘ಕಿಸಾನ್ ಕಂತು ಪಡೆಯಲು ಈ ಆ್ಯಪ್ ಹಾಕಿಕೊಳ್ಳಿ’ ಎಂದು ವಾಟ್ಸ್ಆ್ಯಪ್‌ನಲ್ಲಿ `.apk` ಎಂದು ಮುಗಿಯುವ ಫೈಲ್ ಬಂದರೆ ಒತ್ತಬೇಡಿ. ಖಾತೆಯಲ್ಲಿ ಇದ್ದ ಹಣವೂ ಹೋಗುವ ದಾರಿ ಅದು.

ಪಾಸ್‌ಬುಕ್ ನೋಡಿಸಿದ ಮೇಲೆ ನೀವು ಮಾಡಬೇಕಾದ ಕೆಲಸ `Bank Seeding Status` ನಲ್ಲಿ ಆ ದಿನಾಂಕ ನೋಡುವುದು. ನೋಡಿ, ಬ್ಯಾಂಕಿನ ಹೆಸರು ಮತ್ತು ದಿನಾಂಕ ಎರಡನ್ನೇ ಬರೆದು ತಿಳಿಸಿ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಕಳಿಸಬೇಡಿ.